ಕೂತು ನೋಡುವ ಟಿವಿಗೆ ಎಷ್ಟು ಎತ್ತರ?

ಟಿವಿ ಹಾಕಲು ಬಂದವನು ಪೆನ್ಸಿಲ್ ಹಿಡಿದು ‘ಎಲ್ಲಿ ಬೇಕು ಸಾರ್?’ ಎನ್ನುತ್ತಾನೆ. ಮನೆಯವರು ನಿಂತಲ್ಲಿಂದಲೇ ಗೋಡೆಯತ್ತ ಕೈ ತೋರಿಸುತ್ತಾರೆ. ನಿಂತವರ ಕಣ್ಣಿಗೆ ಸರಿಯೆನಿಸಿದ ಜಾಗ ಕೂತವರ ಕಣ್ಣಿಗಿಂತ ಸುಮಾರು ಒಂದೂವರೆ ಅಡಿ ಮೇಲಿರುತ್ತದೆ. ಕತ್ತು ನೋವಿಗೆ ಅಷ್ಟು ಸಾಕು.

ಆದ್ದರಿಂದ ಮೊದಲು ಸೋಫಾದಲ್ಲಿ ಆರಾಮಾಗಿ ಒರಗಿ ಕೂತು, ನೆಲದಿಂದ ಕಣ್ಣಿಗೆ ಎಷ್ಟು ಎತ್ತರವೆಂದು ಟೇಪಿನಲ್ಲಿ ಅಳೆಯಬೇಕು. ಅದು 42 ಇಂಚು ಬಂತು ಎನ್ನೋಣ. 55 ಇಂಚಿನ ಟಿವಿಯ ಪರದೆ ಸುಮಾರು 27 ಇಂಚು ಎತ್ತರವಿರುತ್ತದೆ. ಪರದೆಯ ನಡುಭಾಗ ಕಣ್ಣಿನ ನೇರಕ್ಕೆ ಬರಬೇಕಾದರೆ ಕೆಳಅಂಚು ನೆಲದಿಂದ 28–29 ಇಂಚಿನಲ್ಲಿರಬೇಕು. ‘ಇಷ್ಟು ಕೆಳಗಾ?’ ಎಂದು ಹೆಚ್ಚಿನವರು ಕೇಳುತ್ತಾರೆ, ಹೌದು, ಇಷ್ಟೇ. ಚಾಪೆ, ದಿವಾನದ ಮೇಲೆ ಕೂರುವವರಿಗೆ ಇದಕ್ಕಿಂತಲೂ ಕೆಳಗೆ.

ಶೋಕೇಸೋ ಅಂಬೆಗಾಲಿಡುವ ಮಗುವೋ ಇದ್ದರೆ ಮೇಲೇರಿಸದೆ ವಿಧಿಯಿಲ್ಲ. ನಡುಭಾಗ 60 ಇಂಚಿಗೆ ಹೋಗಿ, ಸೋಫಾ ಒಂಬತ್ತು ಅಡಿ ದೂರದಲ್ಲಿದ್ದರೆ, ನೋಟ ಹತ್ತಿರಹತ್ತಿರ 10 ಡಿಗ್ರಿ ಮೇಲಕ್ಕೆ ಹೋಗುತ್ತದೆ. ಆಗ ಬಾಗುವ ಬ್ರಾಕೆಟ್ ಕೊಂಡು ಟಿವಿಯನ್ನು ಅಷ್ಟೇ ಮುಂದಕ್ಕೆ ಬಾಗಿಸಿದರೆ ಬಣ್ಣ ಮಾಸಿದಂತೆ ಕಾಣುವುದು ಕಡಿಮೆಯಾಗುತ್ತದೆ, ಟ್ಯೂಬ್‌ಲೈಟಿನ ಪ್ರತಿಬಿಂಬವೂ ತಗ್ಗುತ್ತದೆ. ಕತ್ತು ಎತ್ತುವ ಕಷ್ಟ ಮಾತ್ರ ತಪ್ಪದು. ಇನ್ನೊಂದು ಮಾತು: ಟಿವಿಯ ಹಿಂದಿನ ನಾಲ್ಕು ಸ್ಕ್ರೂ ತೂತುಗಳ ನಡುಬಿಂದು ಎಷ್ಟೋ ಮಾದರಿಗಳಲ್ಲಿ ಪರದೆಯ ನಡುವಿಗೆ ಸರಿಹೊಂದುವುದಿಲ್ಲ. ಆ ವ್ಯತ್ಯಾಸ ಅಳೆದ ಮೇಲೆಯೇ ಗೋಡೆಗೆ ಗುರುತು ಹಾಕಬೇಕು.

ಗೋಡೆ ಯಾವುದೆಂದು ಡ್ರಿಲ್ಲಿನ ಪುಡಿಯೇ ಹೇಳುತ್ತದೆ. ಗಾರೆ ದಾಟಿದ ಮೇಲೆ ಕೆಂಪು ಬಂದರೆ ಇಟ್ಟಿಗೆ. ಬೂದುಬಣ್ಣದ ಪುಡಿ ಬಂದು ಬಿಟ್ ಮುಂದೆ ಹೋಗಲು ಹೆಣಗಿದರೆ ಕಾಂಕ್ರೀಟ್. ಬಿಳಿಚಿದ ಹಗುರ ಪುಡಿ ಸಲೀಸಾಗಿ ಉದುರಿದರೆ ಅದು ಎಎಸಿ ಬ್ಲಾಕ್, ಈಗಿನ ಎಷ್ಟೋ ಅಪಾರ್ಟ್‌ಮೆಂಟುಗಳ ಗೋಡೆ. ಅದರಲ್ಲಿ ಟಿವಿ ಪೆಟ್ಟಿಗೆಯೊಳಗಿನ ಪುಟ್ಟ ಪ್ಲಗ್ ಕ್ರಮೇಣ ಸಡಿಲವಾಗಿ ಕಿತ್ತು ಬರಬಹುದು. ಎಎಸಿಗೆಂದೇ ಮಾಡಿದ ಉದ್ದನೆಯ ನೈಲಾನ್ ಪ್ಲಗ್ ಬೇಕು, ಹ್ಯಾಮರ್ ಹಾಕದೆ ಕೊರೆಯಬೇಕು. ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ ಡ್ರಿಲ್ ಇಡಲೇಬಾರದು. ಒಳಗಿನ ವೈರು ಸಾಮಾನ್ಯವಾಗಿ ಅದೇ ಗೆರೆಯಲ್ಲಿ ಸಾಗಿರುತ್ತದೆ.

ಕೇಬಲ್ ಕಾಣಬಾರದೆಂದು ಟಿವಿಯ ಕರೆಂಟ್ ವೈರನ್ನೋ ಎಕ್ಸ್‌ಟೆನ್ಷನ್ ಬೋರ್ಡನ್ನೋ ಗೋಡೆಯೊಳಗೆ ಹೂತು ಗಾರೆ ಮೆತ್ತುವವರಿದ್ದಾರೆ. ವೈರು ಬಿಸಿಯಾದರೂ, ಹೊದಿಕೆ ಸೀಳಿದರೂ ಹೊರಗೆ ಗೊತ್ತಾಗುವುದಿಲ್ಲ. ಅದರ ಬದಲು ಟಿವಿಯ ಹಿಂದೆಯೇ, ಬ್ರಾಕೆಟ್ಟಿನ ಪಕ್ಕಕ್ಕೆ, ಅರ್ತಿಂಗ್ ಇರುವ ಸಾಕೆಟ್ ಕೂರಿಸಿ, ಅದರ ಸ್ವಿಚ್ಚನ್ನು ಕೈಗೆಟುಕುವಲ್ಲಿ ಇಡಿಸಬೇಕು. ಎಚ್‌ಡಿಎಂಐ ಕೇಬಲ್ಲಿಗೆ ಬೇರೆಯೇ ಪೈಪ್. ಇಪ್ಪತ್ತೈದು ಮಿಲಿಮೀಟರ್ ಪೈಪಿನ ತಿರುವಿನಲ್ಲಿ ಅದರ ಅಗಲ ತಲೆ ಸಿಕ್ಕಿಕೊಳ್ಳುತ್ತದೆ. ಐವತ್ತರದ್ದು ಹಾಕಿ, ತಿರುವನ್ನು ಹರವಾಗಿ ಕೊಟ್ಟು, ಒಳಗೊಂದು ದಾರ ಬಿಟ್ಟರೆ ಮುಂದೆ ಕೇಬಲ್ ಬದಲಿಸುವಾಗ ಗೋಡೆ ಒಡೆಯಬೇಕಿಲ್ಲ.

ಕೊನೆಗೆ ಟಿವಿಯನ್ನು ಪೂರ್ತಿ ಮುಂದಕ್ಕೆ ಬಾಗಿಸಿ ಹಿಂದೆ ಇಣುಕಬೇಕು. ಯಾವುದಾದರೂ ಕೇಬಲ್ ಬಿಗಿದು ನಿಂತಿದ್ದರೆ ಅದನ್ನು ಇನ್ನಷ್ಟು ಸಡಿಲ ಬಿಡಬೇಕು. ಇಲ್ಲದಿದ್ದರೆ ಎಳೆತಕ್ಕೆ ಮೊದಲು ಹಾಳಾಗುವುದು ಟಿವಿಯ ಪೋರ್ಟ್.