ಕಪ್ಪುಪಟ್ಟಿಯ ಲೆಕ್ಕ

ಜಯನಗರ, ಬನಶಂಕರಿಗಳ ಮನೆಗಳಲ್ಲಿ ಹೊಸ ಟಿ.ವಿ.ಯೊಂದು ಗೋಡೆಯೇರಿದ ಮೊದಲ ಸಂಜೆ ಏಳುವ ತಕರಾರು ಸಾಮಾನ್ಯವಾಗಿ ಒಂದೇ: ಇಷ್ಟು ಹಣ ತೆತ್ತು ಐವತ್ತೈದು ಇಂಚಿನದನ್ನು ತಂದರೂ ಸಿನಿಮಾ ಪರದೆಯ ತುಂಬ ಬರಲೊಲ್ಲದು, ಮೇಲೂ ಕೆಳಗೂ ಕಪ್ಪುಪಟ್ಟಿ ಉಳಿದುಬಿಡುತ್ತದೆ. ಅಂಗಡಿಯಿಂದ ಬಂದ ಹುಡುಗನು ರಿಮೋಟಿನಲ್ಲಿ ‘ಜೂಮ್’ ಎಂಬುದನ್ನು ಆರಿಸಿ ಪಟ್ಟಿಗಳನ್ನು ಮಾಯಮಾಡಿ ತೋರಿಸಿದನೆಂದರೆ ಯಜಮಾನರಿಗೆ ಸಮಾಧಾನ; ಹುಡುಗನೂ ರೋಗ ವಾಸಿಮಾಡಿದ ವೈದ್ಯನ ಗತ್ತಿನಿಂದ ಮೆಟ್ಟಿಲಿಳಿಯುತ್ತಾನೆ. ಅಲ್ಲಿ ರೋಗವೇ ಇರಲಿಲ್ಲವೆಂಬುದೂ, ಚಿಕಿತ್ಸೆಯ ಹೆಸರಿನಲ್ಲಿ ಚಿತ್ರದ ಸುಮಾರು ಕಾಲುಭಾಗವೇ ಹೊರಬಿದ್ದಿತೆಂಬುದೂ ಇಬ್ಬರಿಗೂ ತಿಳಿದಿರುವುದಿಲ್ಲ.

ಈ ಪಟ್ಟಿಗಳ ಮರ್ಮವನ್ನರಿಯಲು 1977ನೆಯ ಇಸವಿಯ ಎರಡು ಕನ್ನಡ ಚಿತ್ರಗಳನ್ನು ಎದುರಿಗಿಟ್ಟುಕೊಳ್ಳುವುದು ಒಳ್ಳೆಯದು. ಒಂದು, ಎ.ವಿ. ಶೇಷಗಿರಿರಾವ್ ನಿರ್ದೇಶಿಸಿದ, ಕನ್ನಡದ ಮೊತ್ತಮೊದಲ ಸಿನಿಮಾಸ್ಕೋಪ್ ಚಿತ್ರವೆಂದು ಹೆಸರಾದ ‘ಸೊಸೆ ತಂದ ಸೌಭಾಗ್ಯ’; ಇನ್ನೊಂದು, ಅನಂತಮೂರ್ತಿಯವರ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿಯವರು ಕಪ್ಪು–ಬಿಳುಪಿನಲ್ಲಿ ತೆಗೆದು ರಾಷ್ಟ್ರದ ಸ್ವರ್ಣಕಮಲವನ್ನು ಪಡೆದ ‘ಘಟಶ್ರಾದ್ಧ’. ಮೊದಲನೆಯದರ ಚೌಕಟ್ಟು ಎತ್ತರದ ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚು ಅಗಲ, ಎಂದರೆ ಸುಮಾರು 2.35, ಎರಡನೆಯದು ಹಳೆಯ ಕ್ರಮದ, ಚೌಕಕ್ಕೆ ಸಮೀಪವಾದ 1.37. ಒಂದೇ ವರ್ಷದಲ್ಲಿ, ಒಂದೇ ಭಾಷೆಯಲ್ಲಿ, ಒಂದೇ ಮೂವತ್ತೈದು ಮಿಲಿಮೀಟರಿನ ಫಿಲಮಿನ ಮೇಲೆ ಇವೆರಡೂ ಮೂಡಿದುವು. ಸಿನಿಮಾಸ್ಕೋಪಿಗೆ ಬೇರೆ ಅಗಲದ ಫಿಲಮು ಬೇಕಿರಲಿಲ್ಲ. ಕ್ಯಾಮೆರಾದ ಮುಂದಣ ವಿಶೇಷ ಮಸೂರವೊಂದು ದೃಶ್ಯದ ಅಗಲವನ್ನಷ್ಟೇ ಅರ್ಧಕ್ಕೆ ಕುಗ್ಗಿಸಿ ಫಿಲಮಿನ ಮೇಲೆ ಬೀಳಿಸುತ್ತಿತ್ತು. ಚಿತ್ರಮಂದಿರದಲ್ಲಿ ಪ್ರೊಜೆಕ್ಟರಿಗೆ ಹಾಕಿದ ಪ್ರತಿಮಸೂರವು ಅದನ್ನು ಮತ್ತೆ ಎರಡರಷ್ಟು ಹಿಗ್ಗಿಸುತ್ತಿತ್ತು.

ಈಗ ಇವೆರಡನ್ನೂ ಮನೆಯ ಟಿ.ವಿ.ಯ ಮೇಲೆ ತರೋಣ. ಐವತ್ತೈದು ಇಂಚಿನ ಪರದೆಯನ್ನು ಟೇಪು ಹಿಡಿದು ಅಳೆದರೆ ಅಗಲ ಸುಮಾರು 122 ಸೆಂಟಿಮೀಟರು, ಎತ್ತರ 68.5. ಹದಿನಾರಕ್ಕೆ ಒಂಬತ್ತೆಂಬ ಪ್ರಮಾಣವದು. ‘ಸೊಸೆ ತಂದ ಸೌಭಾಗ್ಯ’ವು 122 ಸೆಂಟಿಮೀಟರಿನ ಅಗಲವನ್ನು ಪೂರ್ತಿ ಬಳಸಿಕೊಂಡರೆ ಅದರ ಎತ್ತರ ಸುಮಾರು 52ಕ್ಕೆ ನಿಲ್ಲಬೇಕು, ಮಿಕ್ಕ ಹದಿನಾರೂವರೆಯು ಮೇಲಕ್ಕೆ ಎಂಟೂಕಾಲು, ಕೆಳಕ್ಕೆ ಎಂಟೂಕಾಲಾಗಿ ಹಂಚಿಹೋಗುತ್ತದೆ. ಇದೇ ಲೆಟರ್‌ಬಾಕ್ಸ್. ‘ಘಟಶ್ರಾದ್ಧ’ವಾದರೋ ಎತ್ತರವನ್ನು ಪೂರ್ತಿ ಬಳಸಿ ಅಗಲದಲ್ಲಿ 94 ಸೆಂಟಿಮೀಟರಿಗೆ ತೃಪ್ತವಾಗುತ್ತದೆ, ಎಡಬಲಗಳಲ್ಲಿ ಹದಿನಾಲ್ಕು ಹದಿನಾಲ್ಕು ಸೆಂಟಿಮೀಟರಿನ ಕಪ್ಪು ಕಂಬಗಳು ನಿಲ್ಲುತ್ತವೆ. ಇದು ಪಿಲ್ಲರ್‌ಬಾಕ್ಸ್. ಹಾಗೆ ನಿಂತಲ್ಲಿ ಎರಡೂ ಚಿತ್ರಗಳು ಸರಿಯಾಗಿವೆ.

ಇಲ್ಲೊಂದು ಸ್ವಾರಸ್ಯವಿದೆ. ಮೊದಲನೆಯ ಚಿತ್ರ ಆಕ್ರಮಿಸಿದ ವಿಸ್ತೀರ್ಣವನ್ನೂ ಎರಡನೆಯದರ ವಿಸ್ತೀರ್ಣವನ್ನೂ ಗುಣಿಸಿ ನೋಡಿದರೆ ಅವು ಹೆಚ್ಚುಕಡಮೆ ಸಮಾನ. ಎರಡರಲ್ಲಿಯೂ ಪರದೆಯ ಮುಕ್ಕಾಲು ಭಾಗಕ್ಕೆ ತುಸು ಹೆಚ್ಚು ಬೆಳಗಿ, ಕಾಲುಭಾಗಕ್ಕೆ ತುಸು ಕಡಮೆ ಕತ್ತಲಾಗಿರುತ್ತದೆ. ಇದು ಕಾಕತಾಳೀಯವಲ್ಲ. 1980ರ ದಶಕದಲ್ಲಿ ಮುಂದಿನ ದೂರದರ್ಶನದ ಪರದೆ ಯಾವ ಆಕಾರದ್ದಿರಬೇಕೆಂಬ ಚರ್ಚೆ ನಡೆದಾಗ ಕರ್ನ್ಸ್ ಪವರ್ಸ್ ಎಂಬ ಅಮೆರಿಕದ ತಂತ್ರಜ್ಞರು, ಬಳಕೆಯಲ್ಲಿದ್ದ ನಾನಾ ಚೌಕಟ್ಟುಗಳನ್ನು ಸಮಾನ ವಿಸ್ತೀರ್ಣದ ಆಯತಗಳಾಗಿ ಕತ್ತರಿಸಿ, ನಡುಬಿಂದು ಕೂಡುವಂತೆ ಒಂದರ ಮೇಲೊಂದನ್ನು ಇಟ್ಟು ನೋಡಿದರು. ಅವೆಲ್ಲವನ್ನೂ ಒಳಗೊಳ್ಳುವ ಹೊರ ಆಯತವೂ, ಅವೆಲ್ಲಕ್ಕೂ ಸಾಮಾನ್ಯವಾದ ಒಳ ಆಯತವೂ ಒಂದೇ ಪ್ರಮಾಣದವಾಗಿದ್ದುವು. ಆ ಪ್ರಮಾಣವೇ ಇಂದು ನಮ್ಮ ಗೋಡೆಗಳ ಮೇಲಿರತಕ್ಕ ಹದಿನಾರಕ್ಕೆ ಒಂಬತ್ತು. ಆದುದರಿಂದ ಅಗಲದ ಚಿತ್ರಕ್ಕೂ ಹಳೆಯ ಚಿತ್ರಕ್ಕೂ ಸಮನಾಗಿ ಕಪ್ಪು ಉಳಿಯಲೆಂಬ ಲೆಕ್ಕದಿಂದಲೇ ಹುಟ್ಟಿದ ಪರದೆಯನ್ನು ಕೊಂಡು ತಂದು, ಕಪ್ಪು ಉಳಿಯಿತೆಂದು ಅದರ ಮೇಲೆಯೇ ದೂರುವುದು ನ್ಯಾಯವಲ್ಲ.

ಚಿತ್ರಮಂದಿರಗಳಲ್ಲಿಯೂ ಈ ಪಟ್ಟಿಗಳು ಇಲ್ಲದಿರಲಿಲ್ಲ. ಅವು ಕರಿಯ ಬಟ್ಟೆಯ ರೂಪದಲ್ಲಿದ್ದುವು. ಚಿತ್ರಕ್ಕೆ ತಕ್ಕಂತೆ ಪಕ್ಕದ ಪರದೆಗಳನ್ನು ಸರಿಸಿ ಅಂಚು ಮುಚ್ಚುವುದು ಒಳ್ಳೆಯ ಥಿಯೇಟರಿನ ಶಿಸ್ತು. 1971ರಿಂದ ನಡೆದುಬಂದಿರುವ ನಮ್ಮ ಸುಚಿತ್ರಾ ಫಿಲ್ಮ್ ಸೊಸೈಟಿಯಂಥಲ್ಲಿ ದೇಶದೇಶಗಳ ಚಿತ್ರಗಳನ್ನು ನೋಡಿ ಪಳಗಿದವರು, ಚೌಕಟ್ಟು ಈ ವಾರ ಅಗಲವಾಗಿ ಮುಂದಿನ ವಾರ ಕಿರಿದಾದುದಕ್ಕೆ ಹುಬ್ಬೇರಿಸರು.

ಪಟ್ಟಿಯನ್ನು ಬಲವಂತದಿಂದ ಕಳೆದರೆ ಆಗುವುದೇನು? ಸಿನಿಮಾಸ್ಕೋಪ್ ಚಿತ್ರವನ್ನು ಜೂಮ್ ಮಾಡಿದರೆ ಎಡಬಲಗಳಿಂದ ಒಟ್ಟು ನೂರಕ್ಕೆ ಇಪ್ಪತ್ತನಾಲ್ಕು ಪಾಲು ಹೊರಗುಳಿಯುತ್ತದೆ. ಚೌಕಟ್ಟಿನ ಎರಡು ಅಂಚುಗಳಲ್ಲಿ ನಿಂತು ಮಾತಾಡುವ ಅತ್ತೆಸೊಸೆಯರಲ್ಲಿ ಇಬ್ಬರ ಮುಖವೂ ಅರ್ಧರ್ಧ ಕತ್ತರಿಸಿ ನಡುವಣ ಗೋಡೆಯೊಂದು ಪೂರ್ಣವಾಗಿ ಉಳಿದರೂ ಆಶ್ಚರ್ಯವಿಲ್ಲ. ಕೆಳಗಣ ಪಟ್ಟಿಯಲ್ಲಿ ಅಚ್ಚಾಗಿದ್ದ ಉಪಶೀರ್ಷಿಕೆಗಳೂ ಹೋಗುತ್ತವೆ. ‘ಘಟಶ್ರಾದ್ಧ’ಕ್ಕೆ ಅದೇ ಮಾಡಿದರೆ ನಷ್ಟವಾಗುವುದು ಎತ್ತರದಲ್ಲಿ: ನಿಂತವರ ನೆತ್ತಿ, ಪಾದಗಳು. ಕತ್ತರಿಸದೆ ಅಗಲಕ್ಕೆ ಎಳೆದರಂತೂ ಬಾಲಕ ನಾಣಿಯ ಮುಖ ಇದ್ದುದಕ್ಕಿಂತ ನೂರಕ್ಕೆ ಮೂವತ್ತು ಪಾಲು ಅಗಲವಾಗುತ್ತದೆ. ವಿಚಿತ್ರವೆಂದರೆ, ಕತ್ತರಿಸಿದ್ದು ಕೂಡಲೆ ತಿಳಿಯದು. ಎಳೆದದ್ದಕ್ಕೂ ಕಣ್ಣು ಹತ್ತು ನಿಮಿಷದಲ್ಲಿ ಒಗ್ಗಿಬಿಡುತ್ತದೆ.

ಆದ್ದರಿಂದ ಪರೀಕ್ಷಿಸುವಾಗ ಪಟ್ಟಿಯನ್ನು ನೋಡದೆ ಚಿತ್ರದೊಳಗಣ ದುಂಡಾದ ವಸ್ತುಗಳನ್ನು ನೋಡತಕ್ಕದ್ದು: ಹಣೆಯ ಕುಂಕುಮ, ಕಾರಿನ ಚಕ್ರ, ಊಟದ ತಟ್ಟೆ, ಹುಣ್ಣಿಮೆಯ ಚಂದ್ರ. ನೇರಕ್ಕೆ ಕಾಣುವ ಚಕ್ರವು ಮೊಟ್ಟೆಯಂತೆ ಅಡ್ಡಗಲವಾದರೆ ಹಳೆಯ ಚಿತ್ರವನ್ನು ಎಳೆದಿದ್ದಾರೆ. ಉದ್ದವಾಗಿ ಜನರೆಲ್ಲ ಸಪೂರವಾದರೆ ಸಿನಿಮಾಸ್ಕೋಪನ್ನು ಪೂರ್ತಿ ಹಿಗ್ಗಿಸದೆ ತುಂಬಿದ್ದಾರೆ. ಅಂತಹ ಸಂದರ್ಭದಲ್ಲಿ ಪಟ್ಟಿಯೇ ಇಲ್ಲದಿರುವುದು ದೋಷದ ಚಿಹ್ನೆ. ಚಕ್ರ ದುಂಡಗಿದ್ದೂ ಅನುಮಾನ ಉಳಿದರೆ ಆರಂಭದ ಹೆಸರುಗಳನ್ನು ಗಮನಿಸಿರಿ: ಹಳೆಯ ಟಿ.ವಿ.ಗಾಗಿ ಕತ್ತರಿಸಿದ ಸಿನಿಮಾಸ್ಕೋಪ್ ಪ್ರತಿಗಳಲ್ಲಿ ಹೆಸರುಗಳು ತುಂಡಾಗದಿರಲೆಂದು ಅಷ್ಟು ಹೊತ್ತು ಮಾತ್ರ ಚಿತ್ರವನ್ನು ಇರುಕಿಸಿಯೋ ಪಟ್ಟಿಗಳೊಡನೆಯೋ ತೋರಿಸಿ, ಕಥೆ ಮೊದಲಾದೊಡನೆ ಅಂಚುಗಳನ್ನು ಕೈಬಿಡುತ್ತಿದ್ದರು. ಅಂತಹ ಪ್ರತಿ ಇಂದಿನ ಟಿ.ವಿ.ಯಲ್ಲಿ ಎಡಬಲ ಕಂಬಗಳೊಡನೆ ಸಭ್ಯವಾಗಿಯೇ ತೋರುವುದು. ಆದರೆ ಸಿನಿಮಾಸ್ಕೋಪಿಗೆ ಎಡಬಲ ಕಂಬಗಳು ಸಲ್ಲವು.

ನಿಜವಾದ ದೋಷ ಸ್ಪಷ್ಟವಾಗಿ ಗೋಚರಿಸುವುದು ಕಪ್ಪು ನಾಲ್ಕೂ ಕಡೆ ಆವರಿಸಿದಾಗ. ಅಗಲದ ಚಿತ್ರವನ್ನು ಹಿಂದೊಮ್ಮೆ ಹಳೆಯ ನಾಲ್ಕಕ್ಕೆ ಮೂರರ ಟಿ.ವಿ.ಗಾಗಿ ಮೇಲೆ ಕೆಳಗೆ ಪಟ್ಟಿ ಸೇರಿಸಿ ದಾಖಲಿಸಿರುತ್ತಾರೆ. ಆ ಪಟ್ಟಿಗಳೂ ಚಿತ್ರದ ಭಾಗವೆಂದೇ ಭಾವಿಸುವ ಇಂದಿನ ಟಿ.ವಿ. ತನ್ನ ಕಂಬಗಳನ್ನು ಪಕ್ಕಕ್ಕೆ ಸೇರಿಸುತ್ತದೆ. ನಮ್ಮ 122 ಸೆಂಟಿಮೀಟರಿನ ಪರದೆಯಲ್ಲಿ ಚಿತ್ರ 91ಕ್ಕೆ 39ರಷ್ಟು ಕಿರಿದಾಗಿ, ಅರ್ಧಕ್ಕಿಂತ ಹೆಚ್ಚು ಜಾಗ ವ್ಯರ್ಥವಾಗುತ್ತದೆ. ಇಲ್ಲಿ ಮಾತ್ರ ಅಂಗಡಿಯ ಹುಡುಗನ ಜೂಮ್ ಸರಿಯಾದ ಉಪಾಯ: ಎರಡು ದಿಕ್ಕಿಗೂ ಸಮನಾಗಿ ಮೂರನೆಯ ಒಂದು ಪಾಲು ಹಿಗ್ಗಿಸಿದರೆ ಪಕ್ಕದ ಕಂಬಗಳು ಅಳಿದು ಚಿತ್ರ 122ಕ್ಕೆ 52 ಆಗಿ ನಿಲ್ಲುತ್ತದೆ, ಕಿಂಚಿತ್ತು ಮಸುಕಾದರೂ, ಮೇಲಣ ಕೆಳಗಣ ಎಂಟೂಕಾಲು ಸೆಂಟಿಮೀಟರುಗಳನ್ನು ಹಾಗೆಯೇ ಬಿಡತಕ್ಕದ್ದು.