ಗಾಜಿನಲ್ಲಿ ಬಿದ್ದ ಫೋಟೋಗ್ರಾಫರ್

ಚನ್ನಪಟ್ಟಣದ ಬೊಂಬೆ ಅಂಗಡಿಯೊಂದರ ಮುಂದೆ ಮಧ್ಯಾಹ್ನ ಮೂರರ ಹೊತ್ತಿಗೆ ನಿಂತಿದ್ದೀರಿ ಎಂದುಕೊಳ್ಳಿ. ಅಂಗಡಿ ಪೂರ್ವಕ್ಕೆ ಮುಖ ಮಾಡಿದೆ. ಬಿಸಿಲು ಸೂರಿನ ಮೇಲಿಂದ ಬಂದು ನೇರ ನಿಮ್ಮ ಎದೆಯ ಮೇಲೆ ಬೀಳುತ್ತಿದೆ. ಗಾಜಿನ ಹಿಂದೆ ಅರಗಿನ ಬಣ್ಣದ ಕುದುರೆ, ಬುಗುರಿ, ಗಿಲಕಿಗಳು ಸಾಲಾಗಿ ಕೂತಿವೆ. ಕಣ್ಣಿಗೆ ಅವು ಚೆನ್ನಾಗಿಯೇ ಕಾಣುತ್ತವೆ. ಆದರೆ ಫೋಟೋ ತೆಗೆದು ನೋಡಿದರೆ ಸಾಲಿನ ನಟ್ಟನಡುವೆ ಬಿಳಿ ಅಂಗಿ ತೊಟ್ಟ ನೀವೇ ನಿಂತಿರುತ್ತೀರಿ, ಕುದುರೆಯ ಮುಖ ನಿಮ್ಮ ಅಂಗಿಯಲ್ಲಿ ಕರಗಿಹೋಗಿರುತ್ತದೆ.

ಇದಕ್ಕೆ ಕಾರಣ ಸರಳ ಲೆಕ್ಕ. ಸಾಮಾನ್ಯ ಗಾಜಿನ ಒಂದೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ 4ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ, ಎರಡೂ ಮೈ ಸೇರಿದರೆ ಶೇ 8. ಇದು ಅಲ್ಪವೇ. ಆದರೆ ಸುಡುಬಿಸಿಲಿನ ಬೆಳಕು 1,00,000 ಲಕ್ಸ್ ಹತ್ತಿರ ಇರುತ್ತದೆ, ಅಂಗಡಿಯ ಒಳಗಿನದು ಹೆಚ್ಚೆಂದರೆ 1,000. ಬಿಸಿಲಿನ ಶೇ 8 ಎಂದರೂ 8,000! ಬೊಂಬೆಯ ಬೆಳಕಿಗಿಂತ ಅಂಗಿಯ ಪ್ರತಿಬಿಂಬವೇ ಎಷ್ಟೋ ಪಟ್ಟು ಜೋರು.

ಪೋಲರೈಸರ್ ಫಿಲ್ಟರ್ ಹಾಕಿದರೆ ಸರಿಹೋಗುತ್ತದೆ ಎಂಬ ಸಲಹೆ ಎಲ್ಲರ ಬಾಯಲ್ಲೂ ಇದೆ. ನಮ್ಮ ಪ್ರತಿಬಿಂಬದ ಮಟ್ಟಿಗೆ ಅದು ಸುಳ್ಳು. ಗಾಜಿಗೆ ನೇರ ಎದುರು ನಿಂತರೆ ಬರುವ ದಿಕ್ಕಿನಿಂದ ಸುಮಾರು 56 ಡಿಗ್ರಿ ಓರೆಗೆ ಸರಿದಾಗ ಮಾತ್ರ ಆ ಫಿಲ್ಟರ್ ಪೂರ್ತಿ ಕೆಲಸ ಮಾಡುತ್ತದೆ. ಅಷ್ಟು ಓರೆಯಾದರೆ ಗಾಜಿನಲ್ಲಿ ಕಾಣುವುದು ನೀವಲ್ಲ, ಬೀದಿಯ ಇನ್ನೊಂದು ತುದಿ. ನೇರ ಎದುರಿಗೆ ನಿಂತಾಗ ಫಿಲ್ಟರನ್ನು ಎಷ್ಟು ತಿರುಗಿಸಿದರೂ ನಿಮ್ಮ ಬಿಂಬ ಕದಲುವುದಿಲ್ಲ. ಮೇಲಾಗಿ ಅರ್ಧಕ್ಕೂ ಹೆಚ್ಚು ಬೆಳಕನ್ನು ಅದು ನುಂಗಿಬಿಡುತ್ತದೆ.

ಹಾಗಾದರೆ ದಾರಿ? ಒಂದೇ ಬೊಂಬೆ ಸಾಕಾದರೆ ಲೆನ್ಸನ್ನು ಗಾಜಿಗೆ ಒತ್ತಿ ಹಿಡಿಯಿರಿ, ನಡುವೆ ಬೆಳಕು ನುಸುಳಲು ಜಾಗವೇ ಇರುವುದಿಲ್ಲ. ಇಡೀ ಸಾಲು ಬೇಕಾದರೆ ಒಂದು ಮಾತು ನೆನಪಿಡಬೇಕು: ಪ್ರತಿಬಿಂಬ ಚಿತ್ರಕ್ಕೆ ಬೆಳಕನ್ನು ಕೂಡಿಸುತ್ತದೆ, ಎಂದೂ ಕಳೆಯುವುದಿಲ್ಲ. ಒಂದೇ ಜಾಗದಿಂದ ತೆಗೆದ ಎರಡು ಚಿತ್ರಗಳಲ್ಲಿ ಒಂದು ಬಿಂದು ಬೇರೆ ಬೇರೆಯಾಗಿ ಕಂಡರೆ, ಕಪ್ಪಾಗಿ ಕಂಡದ್ದೇ ಬೊಂಬೆಯ ನಿಜಕ್ಕೆ ಹತ್ತಿರ.

ಈ ಕೆಲಸಕ್ಕೆ ಟ್ರೈಪಾಡ್ ಮತ್ತು ಮನೆಯಲ್ಲಿರುವ ಕಪ್ಪು ಕೊಡೆ ಸಾಕು. ಹೊಳಪಿಲ್ಲದ ಹಳೆಯ ಹತ್ತಿ ಕೊಡೆಯಾದರೆ ಇನ್ನೂ ಒಳ್ಳೆಯದು. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಕೂರಿಸಿ 10 ಸೆಕೆಂಡಿನ ಟೈಮರ್ ಇಡಿ. ಕೊಡೆ ಬಿಚ್ಚಿ ಅದರ ಬೆನ್ನನ್ನು ಗಾಜಿನತ್ತ ಹಿಡಿದು, ನೀವು ಕೊಡೆಯ ಮರೆಯಲ್ಲಿ, ಕ್ಯಾಮೆರಾದ ಹಿಂದೆ ನಿಲ್ಲಿ. ಮೊದಲ ಚಿತ್ರಕ್ಕೆ ಎಡಕ್ಕೆ, ಎರಡನೆಯದಕ್ಕೆ ನಡುವೆ, ಮೂರನೆಯದಕ್ಕೆ ಬಲಕ್ಕೆ ಸರಿಯಿರಿ. ಕೊಡೆಯ ಕಪ್ಪು ಬಿದ್ದ ಕಡೆಯಲ್ಲೆಲ್ಲ ಬೊಂಬೆಗಳು ಸ್ವಚ್ಛವಾಗಿ ಮೂಡುತ್ತವೆ.

ಮನೆಗೆ ಬಂದು ಉಚಿತವಾಗಿ ಸಿಗುವ GIMP ತಂತ್ರಾಂಶದಲ್ಲಿ File → Open as Layers ಮೂಲಕ ಮೂರನ್ನೂ ಒಂದರ ಮೇಲೊಂದು ತೆರೆಯಿರಿ. ಮೇಲಿನ ಎರಡು ಪದರಗಳ Mode ಅನ್ನು Darken only ಮಾಡಿದರೆ ಪ್ರತಿ ಬಿಂದುವಿನಲ್ಲೂ ಮೂರರಲ್ಲಿ ಕಪ್ಪಾಗಿರುವುದೇ ಉಳಿಯುತ್ತದೆ. ಎಡದ ಬುಗುರಿ ಒಂದು ಚಿತ್ರದಿಂದ, ನಡುವಿನ ಕುದುರೆ ಇನ್ನೊಂದರಿಂದ ಬಂದು ಸಾಲು ಪೂರ್ತಿಯಾಗುತ್ತದೆ. ಬೊಂಬೆಯ ಮೇಲೆ ಅಂಗಡಿಯ ದೀಪದಿಂದ ಬಿದ್ದ ಮಿನುಗು ಮೂರರಲ್ಲೂ ಒಂದೇ ಆಗಿರುವುದರಿಂದ ಅರಗಿನ ಹೊಳಪಿಗೆ ಏನೂ ಆಗುವುದಿಲ್ಲ.

ಕೆಡುವುದು ಹೆಚ್ಚಾಗಿ ಎರಡು ಕಡೆ. ಕ್ಯಾಮೆರಾವನ್ನು ಆಟೋದಲ್ಲೇ ಬಿಟ್ಟರೆ ಕೊಡೆ ಸರಿದಂತೆ ಅದು ಬೆಳಕಿನ ಅಳತೆಯನ್ನೂ ಬದಲಿಸುತ್ತದೆ. ಆಗ ಒಂದು ಚಿತ್ರ ಇಡಿಯಾಗಿ ಕಪ್ಪಾಗಿ, ಎಲ್ಲೆಡೆ ಅದೇ ಗೆದ್ದು, ಅದರಲ್ಲಿದ್ದ ಪ್ರತಿಬಿಂಬವೂ ಹಾಗೇ ಉಳಿಯುತ್ತದೆ. ಮೊಬೈಲಿನಲ್ಲಾದರೆ ಪರದೆಯನ್ನು ಒತ್ತಿ ಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿಕೊಳ್ಳಿ. ಇನ್ನೊಂದು, ಟ್ರೈಪಾಡ್ ಕೂದಲೆಳೆಯಷ್ಟು ಅಲುಗಿದರೂ ಬೊಂಬೆಗಳ ಅಂಚಿಗೆ ಕಪ್ಪು ಗೆರೆ ಮೂಡುತ್ತದೆ. ಕುದುರೆಯ ಕಿವಿಯನ್ನು ದೊಡ್ಡದು ಮಾಡಿ ನೋಡಿದರೆ ಗೊತ್ತಾಗುತ್ತದೆ. ಇಷ್ಟಾದರೂ ಕ್ಯಾಮೆರಾದ್ದೇ ಬಿಂಬ ಮೂರರಲ್ಲೂ ಒಂದೇ ಜಾಗದಲ್ಲಿರುತ್ತದೆ. ಲೆನ್ಸಿನಷ್ಟು ತೂತು ಮಾಡಿದ ಕಪ್ಪು ರಟ್ಟನ್ನು ಅದರ ಮುಂದೆ ಸಿಕ್ಕಿಸಿದರೆ ಅದೂ ಮರೆಯಾಗುತ್ತದೆ.

ಒಂದೇ ಚಿತ್ರ ತಂದಿದ್ದರೆ? ಪ್ರತಿಬಿಂಬ ತೆಳುವಾಗಿದ್ದಲ್ಲಿ ಆ ಜಾಗವನ್ನಷ್ಟೇ ಆಯ್ದು Levels ನಲ್ಲಿ ಕಪ್ಪಿನ ತುದಿಯನ್ನು ಬಲಕ್ಕೆ ಸರಿಸಿದರೆ ಮಂಜು ತಕ್ಕಮಟ್ಟಿಗೆ ಇಳಿಯುತ್ತದೆ. ಅಂಗಿ ಅಚ್ಚಬಿಳಿಯಾಗಿ ಬಿದ್ದಿದ್ದರೆ ಅದರಡಿ ಏನೂ ಉಳಿದಿರುವುದಿಲ್ಲ. ಪಕ್ಕದ ಬೊಂಬೆಯ ತುಂಡನ್ನು ನಕಲು ಮಾಡಿ ಅಲ್ಲಿ ಅಂಟಿಸಬಹುದು, ಆದರೆ ಆ ಅಂಗಡಿಯಲ್ಲಿ ಇಲ್ಲದ ಬೊಂಬೆಯೊಂದನ್ನು ಓದುಗರಿಗೆ ತೋರಿಸಿದಂತಾಗುತ್ತದೆ. ವರದಿಗೋ ದಾಖಲೆಗೋ ಬಳಸುವ ಚಿತ್ರದಲ್ಲಿ ಹಾಗೆ ಮಾಡಬೇಡಿ. ಅಂಗಡಿಯ ಮುಂದೆಯೇ ನಿಂತು ತೆಗೆದ ಚಿತ್ರವನ್ನು ಹಿಗ್ಗಿಸಿ ನೋಡಿ, ಅಂಗಿ ಕಂಡರೆ ಕೊಡೆ ಬಿಚ್ಚಿ ಇನ್ನೊಂದು ತೆಗೆಯಿರಿ.