ಸ್ಕೋರು ಏರಿದೆ, ಬಡ್ಡಿ ಇಳಿಸಿ: ಬ್ಯಾಂಕಿಗೊಂದು ಪತ್ರ

ಹಾಸನದ ಕಡೆಯ ಒಬ್ಬ ಹೈಸ್ಕೂಲ್ ಮೇಷ್ಟ್ರು ಎಂದಿಟ್ಟುಕೊಳ್ಳಿ. ಎರಡು ವರ್ಷದ ಹಿಂದೆ ತಂಗಿಯ ಮದುವೆಗೆ 5 ಲಕ್ಷ ರೂಪಾಯಿ ವೈಯಕ್ತಿಕ ಸಾಲ ತೆಗೆದರು. ಆಗ ಅವರ ಕ್ರೆಡಿಟ್ ಕಾರ್ಡಿನ ಮಿತಿ 1 ಲಕ್ಷ, ಬಾಕಿ 80 ಸಾವಿರ. ಎರಡು ಬಿಲ್ ಕಟ್ಟುವುದೂ ತಡವಾಗಿತ್ತು. ಸಿಬಿಲ್ ಸ್ಕೋರು 690ರಲ್ಲಿ ನಿಂತಿತ್ತು. ಬ್ಯಾಂಕು ಶೇ. 16.5ರ ಬಡ್ಡಿ ಹಾಕಿ, ಐದು ವರ್ಷಕ್ಕೆ ತಿಂಗಳಿಗೆ 12,292 ರೂಪಾಯಿ ಕಂತು ಗೊತ್ತುಮಾಡಿತು. ಮದುವೆಯ ಗಡಿಬಿಡಿಯಲ್ಲಿ ಮೇಷ್ಟ್ರು ಕೇಳಿದ ಕಡೆಯಲ್ಲೆಲ್ಲ ಸಹಿ ಹಾಕಿ ಬಂದರು.

ಈಗ 24 ಕಂತು ಮುಗಿದಿದೆ, ಒಂದೂ ತಪ್ಪಿಲ್ಲ. ಕಾರ್ಡಿನ ಬಾಕಿ ತೀರಿದೆ. ಸ್ಕೋರು 782. ಇಂದು ಹೊಸದಾಗಿ ಅದೇ ಬ್ಯಾಂಕಿಗೆ ಹೋದರೆ ಅವರಿಗೆ ಬಹುಶಃ ಶೇ. 13ರ ಆಸುಪಾಸಿನಲ್ಲಿ ಸಾಲ ಸಿಕ್ಕೀತು. ಆದರೆ ಹಳೆಯ ಸಾಲದ ಬಡ್ಡಿ ತಾನಾಗಿ ಒಂದು ಪೈಸೆಯೂ ಇಳಿಯುವುದಿಲ್ಲ. ಸ್ಕೋರು ಏರಿದ್ದು ಬ್ಯಾಂಕಿನ ಕಂಪ್ಯೂಟರಿಗೆ ಗೊತ್ತಿದ್ದರೂ ಅದು ಕರೆದು ಹೇಳುವುದಿಲ್ಲ. ನಾವೇ ಕೇಳಬೇಕು, ಬರಹದಲ್ಲಿ ಕೇಳಬೇಕು.

ಪತ್ರಕ್ಕೆ ಪೆನ್ನು ಹಿಡಿಯುವ ಮೊದಲು ಮಂಜೂರಾತಿ ಪತ್ರ ತೆರೆದು ಒಂದು ವಿಷಯ ನೋಡಿಕೊಳ್ಳಬೇಕು: ಬಡ್ಡಿ ಸ್ಥಿರವೋ, ಬದಲಾಗುವಂಥದ್ದೋ? ಬ್ಯಾಂಕಿನ ಸಾಲ ಬದಲಾಗುವ ದರದ್ದಾದರೆ ಕೆಲಸ ಸ್ವಲ್ಪ ಸುಲಭ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಇಂಥ ಹೊಸ ಸಾಲಗಳು ರೆಪೋ ದರದಂಥ ಹೊರಗಿನ ಅಳತೆಗೋಲಿಗೆ ಕಟ್ಟಿಕೊಂಡಿರಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಅದರ ಮೇಲೆ ಬ್ಯಾಂಕು ಸೇರಿಸುವ ಹೆಚ್ಚುವರಿ ಬಡ್ಡಿಯಲ್ಲಿ ಒಂದು ಪಾಲು ಸಾಲಗಾರನ ಅಪಾಯಕ್ಕೆಂದೇ ಇರುತ್ತದೆ. ಸಾಲಗಾರನ ಅರ್ಹತೆಯಲ್ಲಿ ಗಣನೀಯ ಬದಲಾವಣೆ ಆದಾಗ, ಕರಾರಿನಲ್ಲಿ ಒಪ್ಪಿದ ಪ್ರಕಾರ ಈ ಪಾಲನ್ನು ಬದಲಿಸಬಹುದು. ಸ್ಕೋರು ನೂರರ ಹತ್ತಿರ ಏರಿದರೆ ಇದೇ ಮಾತನ್ನು ಪತ್ರದಲ್ಲಿ ಎತ್ತಬಹುದು.

ಆದರೆ ಮೇಷ್ಟ್ರ ಸಾಲ, ಬಹುಪಾಲು ವೈಯಕ್ತಿಕ ಸಾಲಗಳ ಹಾಗೆ, ಸ್ಥಿರ ಬಡ್ಡಿಯದು. ಐದು ವರ್ಷಕ್ಕೆ ಇಷ್ಟು ಎಂದು ಇಬ್ಬರೂ ಒಪ್ಪಿದ ಕರಾರು. ಇಳಿಸಲೇಬೇಕೆಂಬ ಕಾನೂನು ಇಲ್ಲ. ಹಾಗಾದರೆ ಬ್ಯಾಂಕು ಯಾಕೆ ಇಳಿಸೀತು? ಒಂದೇ ಕಾರಣಕ್ಕೆ: ತಪ್ಪದೆ ಕಂತು ಕಟ್ಟುವ ಗಿರಾಕಿ ಎದುರಿನ ಬ್ಯಾಂಕಿಗೆ ಎದ್ದು ಹೋಗಬಾರದು. ಆದ್ದರಿಂದ ಎದ್ದು ಹೋಗುವುದು ನಮಗೆ ಎಷ್ಟು ಲಾಭ, ಅವರಿಗೆ ಎಷ್ಟು ನಷ್ಟ ಎಂಬ ಲೆಕ್ಕ ಕೈಯಲ್ಲಿರಬೇಕು.

ಲೆಕ್ಕ ಹೀಗಿದೆ. 24 ಕಂತಿನಲ್ಲಿ ಮೇಷ್ಟ್ರು ಕಟ್ಟಿದ್ದು ಸುಮಾರು 2,95,000. ಅದರಲ್ಲಿ 1,42,000 ಬಡ್ಡಿಗೇ ಹೋಗಿದೆ. ಉಳಿದ ಅಸಲು 3,47,200 ರೂಪಾಯಿ, ಉಳಿದ ಕಂತು 36. ಬೇರೆ ಬ್ಯಾಂಕು ಶೇ. 12.5ಕ್ಕೆ ಈ ಸಾಲ ವಹಿಸಿಕೊಳ್ಳುತ್ತದೆ ಎನ್ನೋಣ. ಕಂತು 11,615ಕ್ಕೆ ಇಳಿಯುತ್ತದೆ, ಮೂರು ವರ್ಷದಲ್ಲಿ ಉಳಿತಾಯ ಸುಮಾರು 24,400. ಕೇಳಲು ಚೆನ್ನಾಗಿದೆ. ಆದರೆ ಹಳೆಯ ಬ್ಯಾಂಕು ಅವಧಿಗೆ ಮುಂಚೆ ಸಾಲ ಮುಚ್ಚುವುದಕ್ಕೆ ಕರಾರಿನ ಪ್ರಕಾರ ಶೇ. 4 ಶುಲ್ಕ ಕೇಳುತ್ತದೆ, ಅದರ ಮೇಲೆ ಶೇ. 18 ಜಿಎಸ್‌ಟಿ. ಅಲ್ಲಿಗೆ 16,400 ರೂಪಾಯಿ. ಹೊಸ ಬ್ಯಾಂಕಿನ ಪ್ರೊಸೆಸಿಂಗ್ ಫೀ ಶೇ. 1 ಮತ್ತು ಜಿಎಸ್‌ಟಿ ಸೇರಿ 4,100. ಎರಡೂ ಕೂಡಿ 20,500. ಇಷ್ಟೆಲ್ಲ ಓಡಾಡಿ ಕೊನೆಗೆ ಉಳಿಯುವುದು 3,900 ರೂಪಾಯಿ.

ಈಗ ಇನ್ನೊಂದು ದಾರಿ ನೋಡಿ. ಹಳೆಯ ಬ್ಯಾಂಕೇ ಯಾವ ಶುಲ್ಕವೂ ಇಲ್ಲದೆ ಶೇ. 16.5ನ್ನು 13.5ಕ್ಕೆ ಇಳಿಸಿದರೆ ಕಂತು 11,782 ಆಗುತ್ತದೆ. ತಿಂಗಳಿಗೆ 510 ರೂಪಾಯಿಯಂತೆ ಮೂರು ವರ್ಷಕ್ಕೆ 18,360 ಉಳಿತಾಯ. ಕಂತನ್ನು ಮೊದಲಿನ 12,292ರಲ್ಲೇ ಇಟ್ಟುಕೊಂಡರೆ ಸಾಲ ಹೆಚ್ಚುಕಡಿಮೆ ಎರಡು ತಿಂಗಳು ಮುಂಚೆ ತೀರಿ, ಉಳಿತಾಯ 22 ಸಾವಿರದ ಹತ್ತಿರ ಬರುತ್ತದೆ. ಅಂದರೆ ಹೊರಗಿನವರ ಶೇ. 12.5ಕ್ಕಿಂತ ಒಳಗಿನವರ ಶೇ. 13.5 ಲಾಭದ್ದು. ಸ್ಥಿರ ಬಡ್ಡಿಯ ಸಾಲಕ್ಕೆ ಮೊದಲ ಪತ್ರ ಹಳೆಯ ಬ್ಯಾಂಕಿಗೇ ಹೋಗಬೇಕು ಎನ್ನುವುದು ಇದಕ್ಕೆ.

ಪತ್ರಕ್ಕೆ ಆಧಾರ ಬೇಕು. ಭಾರತದಲ್ಲಿ ಸ್ಕೋರು ಕೊಡುವ ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಒಂದೊಂದರ ಲೆಕ್ಕ ಒಂದೊಂದು ಥರ. ಮೊಬೈಲ್ ಆ್ಯಪಿನಲ್ಲಿ ಕಂಡ ಸ್ಕೋರು ಎಕ್ಸ್‌ಪೀರಿಯನ್ನಿನದಾಗಿರಬಹುದು, ಬ್ಯಾಂಕು ನೋಡುವುದು ಸಿಬಿಲ್ ಆಗಿರಬಹುದು. ಆ್ಯಪಿನ ಸ್ಕ್ರೀನ್‌ಶಾಟ್ ಅಂಟಿಸಿದ ಪತ್ರಗಳು ಸೋಲುವುದು ಇಲ್ಲೇ. ಪ್ರತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು. ಸಾಲ ಕೊಟ್ಟಾಗ ಬ್ಯಾಂಕು ಯಾವುದನ್ನು ನೋಡಿತ್ತೋ ಅದೇ ಸಂಸ್ಥೆಯ ವರದಿ ತೆಗೆದು, ಅದರ ತಾರೀಖು ಮತ್ತು ಕಂಟ್ರೋಲ್ ನಂಬರನ್ನು ಪತ್ರದಲ್ಲಿ ಬರೆಯಿರಿ. ನಮ್ಮ ವರದಿಯನ್ನು ನಾವೇ ನೋಡಿದರೆ ಸ್ಕೋರು ಇಳಿಯುವುದಿಲ್ಲ. ಆದರೆ ದರ ವಿಚಾರಿಸುವ ನೆಪದಲ್ಲಿ ನಾಲ್ಕೈದು ಕಡೆ ಅರ್ಜಿ ಹಾಕಿದರೆ, ಪ್ರತಿಯೊಬ್ಬರೂ ವರದಿ ತೆಗೆಸಿದ್ದು ದಾಖಲಾಗಿ ಗಳಿಸಿದ ಸ್ಕೋರೇ ಕರಗುತ್ತದೆ. ಹೊರಗಿನ ದರ ತೋರಿಸಲು ಒಂದು ಬ್ಯಾಂಕಿನ ಮಾತು ಸಾಕು.

ಪತ್ರ ಹೀಗಿರಬಹುದು:

"ಶಾಖಾ ವ್ಯವಸ್ಥಾಪಕರಿಗೆ,

ವಿಷಯ: ವೈಯಕ್ತಿಕ ಸಾಲ ಖಾತೆ ಸಂಖ್ಯೆ ……ರ ಬಡ್ಡಿದರ ಇಳಿಸುವ ಬಗ್ಗೆ.

ಮಾನ್ಯರೇ,

ಮೇಲಿನ ಖಾತೆಯಲ್ಲಿ ನಾನು 5,00,000 ರೂ. ಸಾಲವನ್ನು ಶೇ. 16.5ರ ಬಡ್ಡಿಗೆ, 60 ತಿಂಗಳ ಅವಧಿಗೆ ಪಡೆದಿರುತ್ತೇನೆ. ಈವರೆಗಿನ 24 ಕಂತುಗಳನ್ನೂ ನಿಗದಿತ ದಿನವೇ ಕಟ್ಟಿದ್ದೇನೆ. ಸಾಲ ಮಂಜೂರಾದಾಗ 690 ಇದ್ದ ನನ್ನ ಸಿಬಿಲ್ ಸ್ಕೋರು, ದಿನಾಂಕ ……ರ ವರದಿಯಂತೆ (ಕಂಟ್ರೋಲ್ ನಂಬರ್ ……) 782 ಇದೆ. ಕ್ರೆಡಿಟ್ ಕಾರ್ಡಿನ ಬಾಕಿ ಪೂರ್ತಿ ತೀರಿದೆ.

ಬಾಕಿ ಇರುವ ಅಸಲು 3,47,200 ರೂ.ಗೆ ಮುಂದಿನ ಕಂತಿನಿಂದ ಶೇ. 13ರ ಬಡ್ಡಿ ಅನ್ವಯಿಸಬೇಕೆಂದು ಕೋರುತ್ತೇನೆ. ಉಳಿದ ಅವಧಿ 36 ತಿಂಗಳೇ ಇರಲಿ, ಇದೇ ಖಾತೆ ಮುಂದುವರಿಯಲಿ. ಇದೇ ಸಾಲಕ್ಕೆ ಇನ್ನೊಂದು ಬ್ಯಾಂಕು ಶೇ. 12.5ರ ದರ ಹೇಳಿದೆ. ತಮ್ಮಲ್ಲೇ ಮುಂದುವರಿಯುವುದು ನನ್ನ ಇಚ್ಛೆ. ತಮ್ಮ ತೀರ್ಮಾನವನ್ನು, ಶುಲ್ಕವೇನಾದರೂ ಇದ್ದರೆ ಅದರ ವಿವರವನ್ನು ಮತ್ತು ಪರಿಷ್ಕೃತ ಕಂತಿನ ಪಟ್ಟಿಯನ್ನು ಬರಹದಲ್ಲಿ ತಿಳಿಸಬೇಕಾಗಿ ವಿನಂತಿ.

ಲಗತ್ತು: ಸಿಬಿಲ್ ವರದಿ, ಸಾಲ ಖಾತೆಯ ಸ್ಟೇಟ್‌ಮೆಂಟ್, ಕಳೆದ ಮೂರು ತಿಂಗಳ ಸಂಬಳದ ಚೀಟಿ."

ಪತ್ರ ಒಂದು ಪುಟ ದಾಟಬಾರದು. ಕೇಳುವ ದರವನ್ನು ಅಂಕಿಯಲ್ಲಿ ಹೇಳಬೇಕು. "ದಯವಿಟ್ಟು ಕಡಿಮೆ ಮಾಡಿ" ಎಂದರೆ ಕಾಲು ಪರ್ಸೆಂಟ್ ಇಳಿಸಿ ಕೈ ತೊಳೆದುಕೊಳ್ಳಬಹುದು. ಮೇಷ್ಟ್ರು ಶೇ. 13 ಕೇಳಿ 13.5ಕ್ಕೆ ಒಪ್ಪಿಕೊಳ್ಳಲು ಜಾಗ ಇಟ್ಟುಕೊಂಡಿದ್ದಾರೆ.

ಬರೆಯಬಾರದ ಮಾತೂ ಒಂದಿದೆ. ನಮ್ಮ ಅರ್ಜಿಗಳಲ್ಲಿ ಕಷ್ಟ ತೋಡಿಕೊಳ್ಳುವುದು ರೂಢಿ: "ಮನೆಯಲ್ಲಿ ತೊಂದರೆ, ಕಂತು ಕಟ್ಟಲು ಆಗುತ್ತಿಲ್ಲ, ಸಾಲವನ್ನು ರೀಸ್ಟ್ರಕ್ಚರ್ ಮಾಡಿಕೊಡಿ." ಈ ಪತ್ರದಲ್ಲಿ ಅದು ತಿರುಗಿ ಹೊಡೆಯುತ್ತದೆ. ಕಟ್ಟಲಾಗದವನಿಗೆ ಕೊಡುವ ರಿಯಾಯಿತಿಯನ್ನು ಬ್ಯಾಂಕಿನ ಲೆಕ್ಕದಲ್ಲಿ ರೀಸ್ಟ್ರಕ್ಚರಿಂಗ್ ಎನ್ನುತ್ತಾರೆ. ಕ್ರೆಡಿಟ್ ವರದಿಯಲ್ಲಿ ಆ ಗುರುತು ಬಿದ್ದರೆ ಮುಂದಿನ ಸಾಲಕ್ಕೇ ಕುತ್ತು. ನಿಮ್ಮ ವಾದ "ನನಗೆ ಕಷ್ಟ" ಎಂಬುದಲ್ಲ, "ನಾನು ಮೊದಲಿಗಿಂತ ನಂಬಿಕಸ್ಥ" ಎಂಬುದು. (ನಿಜವಾಗಿಯೂ ಕಟ್ಟಲಾಗದ ಸ್ಥಿತಿ ಇದ್ದರೆ ಅದಕ್ಕೆ ಬೇರೆಯೇ ಅರ್ಜಿ.)

ಶಾಖೆಗೆ ಎರಡು ಪ್ರತಿ ಒಯ್ದು, ಒಂದಕ್ಕೆ ತಾರೀಖಿನೊಂದಿಗೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಅದನ್ನೇ ಬ್ಯಾಂಕಿನ ಗ್ರಾಹಕ ಸೇವೆಯ ಇಮೇಲಿಗೂ ಕಳಿಸಿ ದೂರು ಅಥವಾ ಕೋರಿಕೆ ಸಂಖ್ಯೆ ಪಡೆಯಿರಿ. ದರ ಇಳಿಸುವ ಅಧಿಕಾರ ಶಾಖೆಯವರ ಕೈಯಲ್ಲಿ ಇರದಿರುವುದೇ ಹೆಚ್ಚು, ಕಾಗದ ಮೇಲಕ್ಕೆ ಹೋಗಬೇಕು.

ಉತ್ತರ ಬಂದಾಗ ಎಚ್ಚರ ಇನ್ನೂ ಹೆಚ್ಚು ಬೇಕು. "ಬಡ್ಡಿ ಇಳಿಸುತ್ತೇವೆ ಸಾರ್, ಹಳೆಯದನ್ನು ಮುಚ್ಚಿ ಹೊಸದು ಮಾಡಿಬಿಡೋಣ, ಕಂತೂ ಕಮ್ಮಿ ಆಗುತ್ತೆ" ಎಂದು ಫೋನ್ ಬರಬಹುದು. ಮೇಷ್ಟ್ರಿಗೆ ಶೇ. 13.5ರಲ್ಲಿ ಮತ್ತೆ ಐದು ವರ್ಷದ ಸಾಲ ಮಾಡಿಕೊಟ್ಟರೆ ಕಂತು 7,989ಕ್ಕೆ ಬೀಳುತ್ತದೆ. ತಿಂಗಳಿಗೆ 4,300 ಉಳಿದಂತೆ ಕಾಣುತ್ತದೆ. ಆದರೆ 36 ಕಂತು ಹೋಗಿ 60 ಆಯಿತು. ಹಳೆಯ ದರದಲ್ಲೇ ಮುಂದುವರಿದಿದ್ದರೆ ಇನ್ನು ಕಟ್ಟಬೇಕಾಗಿದ್ದುದು 4,42,500. ಈಗ ಕಟ್ಟುವುದು 4,79,300. ಬಡ್ಡಿ ಇಳಿಯಿತು, ಜೇಬಿನಿಂದ ಹೋಗುವ ದುಡ್ಡು 36,800 ಏರಿತು. ಪ್ರೊಸೆಸಿಂಗ್ ಫೀ, ವಿಮೆ ಇನ್ನೂ ಮೇಲೆ. ಪತ್ರದಲ್ಲಿ "ಅವಧಿ 36 ತಿಂಗಳೇ ಇರಲಿ, ಇದೇ ಖಾತೆ ಮುಂದುವರಿಯಲಿ" ಎಂಬ ಸಾಲು ಇರುವುದು ಈ ಬಲೆಗಾಗಿಯೇ. ಹೊಸ ಖಾತೆಯೇ ಆಗಬೇಕೆಂದರೆ ಸಹಿಗೆ ಮುಂಚೆ ಮುಖ್ಯಾಂಶಗಳ ಪತ್ರ ಕೇಳಿ ಪಡೆಯಿರಿ. ಬ್ಯಾಂಕಿನವರು ಕೆಎಫ್‌ಎಸ್ ಎನ್ನುವುದು ಇದನ್ನೇ. ಎಲ್ಲ ಶುಲ್ಕ ಸೇರಿದ ವಾರ್ಷಿಕ ದರ ಅದರಲ್ಲಿ ಇರಲೇಬೇಕು.

"ಆಗುವುದಿಲ್ಲ" ಎಂದರೆ? ಸ್ಥಿರ ಬಡ್ಡಿ ಎಷ್ಟಿರಬೇಕು ಎನ್ನುವುದು ಬ್ಯಾಂಕಿನ ವ್ಯಾಪಾರದ ತೀರ್ಮಾನ. ಅದನ್ನು ಇಳಿಸಿಕೊಡಿ ಎಂದು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಹೇಳುವುದಿಲ್ಲ. ಪತ್ರಕ್ಕೆ 30 ದಿನವಾದರೂ ಉತ್ತರವೇ ಬರದಿದ್ದರೆ, ಅಥವಾ ಕರಾರಿನಲ್ಲಿಲ್ಲದ ಶುಲ್ಕ ಮುರಿದುಕೊಂಡರೆ ಮಾತ್ರ ಅಲ್ಲಿಗೆ ದೂರು ಕೊಡಬಹುದು. ಇಲ್ಲವಾದರೆ ಆರು ತಿಂಗಳು ಬಿಟ್ಟು, ಇನ್ನೂ ಆರು ಕಂತಿನ ದಾಖಲೆಯೊಂದಿಗೆ ಮತ್ತೊಮ್ಮೆ ಬರೆಯಬಹುದು.

ತೀರಾ ತಡ ಮಾಡಿದರೆ ಮಾತ್ರ ಪ್ರಯೋಜನವಿಲ್ಲ. ಮೇಷ್ಟ್ರು ಇದೇ ಪತ್ರವನ್ನು ನಾಲ್ಕು ವರ್ಷ ಮುಗಿದ ಮೇಲೆ ಬರೆದು, ಬ್ಯಾಂಕು ಇದೇ ಮೂರು ಪರ್ಸೆಂಟ್ ಇಳಿಸಿದರೆ ಉಳಿಯುವುದು 2,300 ರೂಪಾಯಿ. ಈಗ ಬರೆದರೆ 18,360.